ದರ ಏರಿಕೆ ಕೇಳುವ ಪತ್ರ: ಬರಬೇಕಾದ ಹಣವೂ ಕೈತಪ್ಪುವುದು ಹೀಗೆ

ಕೆಲಸ ಅರ್ಧಕ್ಕೆ ಬಂದಿದೆ, ಸಿಮೆಂಟ್ ಮತ್ತು ಕಬ್ಬಿಣದ ದರ ಏಕಾಏಕಿ ಏರಿದೆ, ಹೆಚ್ಚುವರಿ ಹಣಕ್ಕೆ ಮಾಲೀಕರಿಗೆ ಪತ್ರ ಬರೆಯಬೇಕು ಎಂದು ಕೂತಿರುವ ಗುತ್ತಿಗೆದಾರರು ಸಹಿ ಹಾಕುವ ಮುನ್ನ ಇದನ್ನು ಓದಿ. ಇಲ್ಲಿ ಹೇಳುತ್ತಿರುವ ಕಟ್ಟಡದ ಕರಾರಿನಲ್ಲಿ ಕಬ್ಬಿಣ, ಸಿಮೆಂಟ್ ಎರಡಕ್ಕೂ ದರ ವ್ಯತ್ಯಾಸ ಕೊಡುವ ಷರತ್ತು ಸ್ಪಷ್ಟವಾಗಿಯೇ ಇತ್ತು. ಆದರೂ ಪತ್ರ ತಿರಸ್ಕೃತವಾಯಿತು.

ಪತ್ರದಲ್ಲಿದ್ದದ್ದು ಇಷ್ಟು: ಕಬ್ಬಿಣದ ದರ ಶೇ. 35ರಷ್ಟು ಏರಿದೆ, ಒಟ್ಟು 120 ಟನ್ ಬಳಕೆಯಾಗಿದೆ, ಆದ್ದರಿಂದ ಮೂಲ ದರದಲ್ಲಿ 42 ಟನ್ನಿನ ಬೆಲೆಯಷ್ಟು ಹೆಚ್ಚುವರಿ ಕೊಡಿ. ಏಳು ದಿನದಲ್ಲಿ ಒಪ್ಪದಿದ್ದರೆ ಕೆಲಸ ನಿಲ್ಲಿಸುತ್ತೇವೆ.

ಗುಣಾಕಾರ ಸರಿ, ಲೆಕ್ಕ ತಪ್ಪು. ಮಾಲೀಕರ ಎಂಜಿನಿಯರ್ ಮೊದಲು ಕೇಳಿದ್ದು ಖರೀದಿ ಬಿಲ್ಲು ಮತ್ತು ತೂಕದ ಚೀಟಿ. ಟೆಂಡರ್ ಸಲ್ಲಿಕೆಯ ಕೊನೆಯ ದಿನದ ದರವನ್ನು 100 ಎಂದು ಇಟ್ಟುಕೊಳ್ಳಿ. ಆ ಕರಾರಿನಲ್ಲಿ ಮೂಲ ದರ ಎಂದರೆ ಅದೇ. ಮೊದಲ 50 ಟನ್ ಬಂದಾಗ ದರ 112, ಮುಂದಿನ 50 ಟನ್ ಬಂದಾಗ 128. ಕೊನೆಯ 20 ಟನ್ ಮಾತ್ರ 135ರಲ್ಲಿ ಕೊಂಡದ್ದು, ಅದೂ ಕರಾರಿನ ಅವಧಿ ಮುಗಿದ ಮೇಲೆ. ತಡವಾದದ್ದು ಗುತ್ತಿಗೆದಾರರ ಕಡೆಯಿಂದಲೇ. ಅಂಥ ತಡದ ಅವಧಿಯಲ್ಲಿ ಕೊಂಡ ಸಾಮಗ್ರಿಗೆ, ಅವಧಿ ಮುಗಿದ ದಿನ ಇದ್ದ ದರಕ್ಕಿಂತ ಹೆಚ್ಚು ಸಿಗುವುದಿಲ್ಲ ಎಂದು ಆ ಕರಾರು ಹೇಳಿತ್ತು. ಆ ದಿನದ ದರವೂ 128. ಹಾಗಾಗಿ ಮೊದಲ ಕಂತಿಗೆ 6, ಎರಡನೆಯದಕ್ಕೆ 14, ಕೊನೆಯದಕ್ಕೆ 5.6. ಒಟ್ಟು 25.6 ಟನ್ನಿನ ಬೆಲೆ. ಪತ್ರ ಕೇಳಿದ್ದು 42.

ಈ ಅಂತರ ಕಂಡ ಮೇಲೆ ಸಿಮೆಂಟಿನ ಲೆಕ್ಕವನ್ನೂ ಯಾರೂ ನಂಬಲಿಲ್ಲ. ನಂಬದಿರಲು ಕಾರಣವೂ ಇತ್ತು. ಕೊಂಡ ಚೀಲಗಳನ್ನೆಲ್ಲ ಎಣಿಸಿ ಬರೆದಿದ್ದರು. ಲೆಕ್ಕಕ್ಕೆ ಬರುವುದು ಅಳತೆ ಪುಸ್ತಕದಲ್ಲಿ ದಾಖಲಾದ ಕಾಂಕ್ರೀಟಿಗೆ ಮಿಕ್ಸ್ ಡಿಸೈನ್ ಪ್ರಕಾರ ಬೇಕಾದ ಸಿಮೆಂಟ್ ಮಾತ್ರ. ಗೋದಾಮಿನಲ್ಲಿ ಗಟ್ಟಿಯಾದ ಚೀಲ ಯಾರ ಬಾಬ್ತಿಗೂ ಸೇರದು. ಕಂಬಿಗೂ ಅದೇ ನಿಯಮ. 16 ಮಿ.ಮೀ. ಕಂಬಿ ಎಂದರೆ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿ, ಮೀಟರಿಗೆ 1.58 ಕಿಲೋ. ಡ್ರಾಯಿಂಗಿನ ಉದ್ದಕ್ಕೆ ಈ ತೂಕ ಹಾಕಿ ಬಂದದ್ದೇ ಬಿಲ್ಲಿನ ತೂಕ. ಕತ್ತರಿಸಿ ಉಳಿದ ತುಂಡುಗಳನ್ನು ಸಾಮಾನ್ಯವಾಗಿ ಟೆಂಡರ್ ದರದಲ್ಲೇ ಸೇರಿಸಿಕೊಂಡಿರಬೇಕು.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಹಳೆಯ ಸಹಿಯಿಂದ. ಮೊದಲ 50 ಟನ್ನಿನ ರನ್ನಿಂಗ್ ಬಿಲ್ಲಿನ ಕೊನೆಯಲ್ಲಿ 'ಈ ಬಿಲ್ಲಿಗೆ ಸಂಬಂಧಿಸಿ ಬೇರೆ ಯಾವ ಬೇಡಿಕೆಯೂ ಇಲ್ಲ' ಎಂಬ ಅಚ್ಚಾದ ಸಾಲಿತ್ತು. ಚೆಕ್ಕು ಬೇಗ ಬರಲಿ ಎಂದು ಎಲ್ಲರೂ ಓದದೆ ಸಹಿ ಹಾಕುವ ಜಾಗ ಅದು. ಆ 6 ಟನ್ನಿನ ಬೆಲೆ ಅಲ್ಲಿಗೆ ಹೋಯಿತು. ಅವಧಿ ವಿಸ್ತರಣೆಯ ಪತ್ರದಲ್ಲೂ ಇಂಥದೇ ಸಾಲು ಅಡಗಿರುತ್ತದೆ, ಹುಡುಕಿ ನೋಡಿ.

ಕೆಲಸ ನಿಲ್ಲಿಸುವ ಬೆದರಿಕೆಯಂತೂ ಶುದ್ಧ ನಷ್ಟ. ದರದ ವಿವಾದ ಇದೆ ಎಂದ ಮಾತ್ರಕ್ಕೆ ಕೆಲಸ ನಿಲ್ಲಿಸಲು ಆ ಕರಾರು ಅವಕಾಶ ಕೊಟ್ಟಿರಲಿಲ್ಲ. ನಿಲ್ಲಿಸಿದ ದಿನಗಳಿಗೆ ವಿಳಂಬದ ದಂಡ ಬಿತ್ತು, ಬ್ಯಾಂಕ್ ಗ್ಯಾರಂಟಿ ನಗದು ಮಾಡಿಸುವ ನೋಟಿಸೂ ಬಂತು. ಕೊನೆಗೆ ಕಬ್ಬಿಣಕ್ಕೆ ಸಿಕ್ಕಿದ್ದು 19.6 ಟನ್ನಿನ ಬೆಲೆ, ಅದರಲ್ಲೂ ದಂಡ ಕಳೆದು.

ನಿಮ್ಮ ಕರಾರಿನಲ್ಲಿ ದರ ಸ್ಥಿರ ಎಂದು ಬರೆದಿದ್ದರೆ ದಾರಿ ಇನ್ನೂ ಕಿರಿದು. ಅಲ್ಲಿ 'ಫೋರ್ಸ್ ಮೆಜ್ಯೂರ್' ಎಂದು ಬರೆದು ಗೆಲ್ಲುವ ಆಸೆ ಬೇಡ. ಆ ಷರತ್ತು ಇರುವುದು ಸಾಮಾನ್ಯವಾಗಿ ಕೆಲಸ ಮಾಡಲಾಗದ ಸ್ಥಿತಿಗೆ, ಕೆಲಸ ದುಬಾರಿಯಾದದ್ದಕ್ಕಲ್ಲ. ಸಲಹಾ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡಿಕ್‌ನ 1999ರ ಕೆಂಪು ಪುಸ್ತಕದ ಮಾದರಿಯ ಕರಾರಾದರೆ 13.8ನೇ ಷರತ್ತಿನ ಸೂತ್ರ ಇದ್ದೇ ಇದೆ. ಆದರೆ ಟೆಂಡರ್ ಅನುಬಂಧದಲ್ಲಿ ಹೊಂದಾಣಿಕೆಯ ಕೋಷ್ಟಕ ಇಲ್ಲದಿದ್ದರೆ ಅದು ಅನ್ವಯಿಸುವುದಿಲ್ಲ. ಕರಾರಿಗೆ ಸಹಿ ಹಾಕುವ ಮುನ್ನವೇ ಆ ಪುಟ ತೆರೆದು ನೋಡಬೇಕು. ಅದೇ ಕರಾರಿನಡಿ ಬೇರೆ ಯಾವುದೇ ಹೆಚ್ಚುವರಿ ಬೇಡಿಕೆಗೆ 20.1ರ ಪ್ರಕಾರ, ವಿಷಯ ತಿಳಿದ 28 ದಿನದೊಳಗೆ ನೋಟಿಸ್ ಹೋಗಬೇಕು. ತಡವಾದರೆ ಹಕ್ಕೇ ಹೋಗುತ್ತದೆ.

ಪತ್ರ ಬರೆಯುವಾಗ ಷರತ್ತಿನ ಸಂಖ್ಯೆ, ಮೂಲ ದಿನಾಂಕ ಮತ್ತು ಅಂದಿನ ದರ ಮೊದಲ ಸಾಲುಗಳಲ್ಲೇ ಇರಲಿ. ಆಮೇಲೆ ಪ್ರತಿ ಕಂತಿಗೂ ಬಿಲ್ಲಿನ ದಿನಾಂಕ, ಟನ್, ದರ, ಯಾವ ಸ್ಲ್ಯಾಬ್ ಅಥವಾ ಕಂಬಕ್ಕೆ ಬಳಸಿದ್ದು ಎಂಬ ಪಟ್ಟಿ. ಮೊತ್ತ ಪಟ್ಟಿಯ ಕೊನೆಯಲ್ಲಿ ತಾನಾಗಿ ಬರಲಿ. 'ಕೆಲಸ ಮುಂದುವರಿದಿದೆ, ದರ ವ್ಯತ್ಯಾಸದ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇವೆ' ಎಂದು ಮುಗಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಮುಂದಿನ ಪ್ರತಿ ರನ್ನಿಂಗ್ ಬಿಲ್ಲಿನ ಸಹಿಯ ಮೇಲೂ ಆ ಪತ್ರದ ಸಂಖ್ಯೆ ಮತ್ತು ದಿನಾಂಕವನ್ನು ಕೈಯಲ್ಲೇ ಬರೆಯಿರಿ.