ಹಸಿರು ಟಿಕ್ ನೋಡಿ ಸುಮ್ನೆ ಕೂರಬೇಡಿ: ನನ್ನ ಎಂಟು ಕಂತು ಹೋಗೇ ಇರಲಿಲ್ಲ

ಬರೆಯೋಕೆ ನಾಚಿಕೆ ಆಗ್ತದೆ. ಆದ್ರೂ ಬರೀತೇನೆ, ಯಾಕಂದ್ರೆ ನಮ್ಮ ಶಿರಸಿ ಕಡೆ ಈಗ ಎಲ್ಲರ ಮನೆಯಲ್ಲೂ ಇದೇ ಮಾತು. ಎಸ್‌ಐಪಿ ಹಾಕಿದ್ದೀಯಾ, ಇಂಡೆಕ್ಸ್ ಫಂಡ್ ಹಾಕಿದ್ದೀಯಾ ಅಂತ. ಎಸ್‌ಐಪಿ ಅಂದ್ರೆ ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಕಂತು ಕಟ್ಟೋದು, ಇಂಡೆಕ್ಸ್ ಫಂಡ್ ಅಂದ್ರೆ ನಿಫ್ಟಿಯಂಥ ಸೂಚ್ಯಂಕದಲ್ಲಿರೋ ಷೇರುಗಳನ್ನೇ ಕೊಳ್ಳೋ ಫಂಡ್. ನಾನೂ ಹಾಕಿದ್ದೆ. ಹಾಕಿದ್ದೇನೆ ಅಂತ ಎಂಟು ತಿಂಗಳು ನಂಬಿಕೊಂಡಿದ್ದೆ.

ಹೋದ ವರ್ಷ ಜುಲೈ. ಕೊಳೆ ಔಷಧ ಹೊಡೆಯೋ ಸಮಯ. ತೋಟದಿಂದ ಸೀದಾ ಪೇಟೆಗೆ ಬಂದವನು ಏಜೆಂಟ್ ಜೊತೆ ಚಾ ಅಂಗಡಿಯಲ್ಲಿ ಕೂತು ಫಾರ್ಮಿಗೆ ಸಹಿ ಹಾಕಿದೆ. ಏಜೆಂಟ್ ಅಂದ್ರೆ ಹೊರಗಿನವನಲ್ಲ, ಹೆಂಡತಿ ಕಡೆ ಸಂಬಂಧ, ನನ್ನನ್ನು ಭಾವ ಅಂತಲೇ ಕರೆಯೋದು. ನಿಫ್ಟಿ 50 ಇಂಡೆಕ್ಸ್ ಫಂಡಿಗೆ ಪ್ರತಿ ತಿಂಗಳು 10ನೇ ತಾರೀಕು 5,000 ರೂಪಾಯಿ. ಮೊದಲ ಕಂತನ್ನು ಅಲ್ಲೇ ಯುಪಿಐನಲ್ಲಿ ಕಟ್ಟಿಸಿದ. ಉಳಿದದ್ದು ಖಾತೆಯಿಂದ ತನ್ನಷ್ಟಕ್ಕೆ ಕಟ್ ಆಗ್ತದೆ, ಅದಕ್ಕೇ ಈ ಮ್ಯಾಂಡೇಟ್ ಕಾಗದ ಅಂದ. ಮೂರು ದಿನದಲ್ಲಿ ಯುನಿಟ್, ಅಂದ್ರೆ ಫಂಡಿನಲ್ಲಿ ನನ್ನ ಪಾಲು, ಬಂತು ಅಂತ ಮೆಸೇಜ್ ಬಂತು. ಅವನ ಆ್ಯಪ್‌ನಲ್ಲಿ ಹಸಿರು ಟಿಕ್, ಪಕ್ಕದಲ್ಲಿ 'Active'. ನನಗೆ ಇನ್ನೇನು ಬೇಕು?

ಈ ಮೊದಲ ಕಂತೇ ನನ್ನನ್ನು ಹಾಳು ಮಾಡಿದ್ದು. ಅದು ಹೋದದ್ದು ನಾನು ಫೋನಿನಲ್ಲಿ ಪಿನ್ ಒತ್ತಿ ಕಳಿಸಿದ್ದರಿಂದ. ಮ್ಯಾಂಡೇಟಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದ್ರೆ ಒಂದು ಕಂತು ಸರಿಯಾಗಿ ಹೋಯ್ತಲ್ಲ, ಇನ್ನು ಎಲ್ಲವೂ ಹೋಗ್ತದೆ ಅಂದುಕೊಂಡೆ. ಯಾರಿಗಾದರೂ ಹಾಗೇ ಅನಿಸ್ತದೆ, ಅಲ್ವಾ?

ಮೇಲಿಂದ ಅವನದ್ದೊಂದು ಉಪದೇಶ ಬೇರೆ: "ದಿನಾ ತೆಗೆದು ನೋಡಡ ಭಾವ. ಇದು ಹತ್ತು ವರ್ಷದ ಲೆಕ್ಕ." ಸರಿ, ನೋಡಲಿಲ್ಲ. ಡಿಸೆಂಬರ್‌ನಲ್ಲಿ ಒಮ್ಮೆ ಫೋನ್ ಮಾಡಿ ಕೇಳಿದ್ದೆ. "ಆಕ್ಟಿವ್ ಇದ್ದು. ತಲೆಬಿಸಿ ಮಾಡ್ಕಳಡ." ನಾನೂ ಆ್ಯಪ್ ತೆಗೆದೆ. ಹಸಿರು ಟಿಕ್ ಇತ್ತು. ಮುಂದಿನ ಕಂತು ಜನವರಿ 10 ಅಂತ ತೋರಿಸ್ತಿತ್ತು. ಮುಚ್ಚಿಟ್ಟೆ.

ಖಾತೆಯಲ್ಲಿ ದುಡ್ಡು ಕಟ್ ಆಗದ್ದು ಗೊತ್ತಾಗಲಿಲ್ವಾ ಅಂತ ಕೇಳ್ತೀರಿ. ಹೆಂಡತಿಯೂ ಅದನ್ನೇ ಕೇಳಿದಳು. ಸಂಬಳದವರಿಗಾದರೆ ಗೊತ್ತಾಗ್ತಿತ್ತೇನೋ. ನಮ್ಮದು ಅಡಿಕೆ ದುಡ್ಡು. ಸೊಸೈಟಿಯಿಂದ ಒಮ್ಮೆ ಒಂದು ಗಂಟು ಬಂದು ಬೀಳ್ತದೆ, ಆಮೇಲೆ ಆಳಿನ ಲೆಕ್ಕ, ಗೊಬ್ಬರ, ಮಕ್ಕಳ ಫೀಸು ಅಂತ ಹೋಗ್ತಾ ಇರ್ತದೆ. ಅದರ ನಡುವೆ ಐದು ಸಾವಿರ ಹೋಗಲಿಲ್ಲ ಅಂತ ಯಾರು ಕಾಣ್ತಾರೆ? ಇನ್ನೊಂದು ತಮಾಷೆ ನೋಡಿ. ಖಾತೆಯಲ್ಲಿ ದುಡ್ಡಿಲ್ಲದೆ ಕಂತು ವಾಪಸ್ ಹೋದರೆ ಬ್ಯಾಂಕಿನವರು ದಂಡ ಹಾಕ್ತಾರೆ. ಆ ದಂಡವನ್ನಾದರೂ ನೋಡಿ ಎಚ್ಚರ ಆಗ್ತಿತ್ತು. ನನ್ನ ಖಾತೆಯಲ್ಲಿ ದುಡ್ಡಿತ್ತು, ದಂಡವೂ ಬೀಳಲಿಲ್ಲ, ಸದ್ದೂ ಇಲ್ಲ.

ಮಾರ್ಚ್‌ನಲ್ಲಿ ಬೆಳೆ ಸಾಲದ ನವೀಕರಣಕ್ಕೆ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬಂದೆ. ಜಗಲಿ ಮೇಲೆ ಕೂತು ಹೆಂಡತಿ ಪುಟ ತಿರುಗಿಸ್ತಿದ್ದಳು. "ನಿಮ್ಮ ಎಸ್‌ಐಪಿ ಎಲ್ಲಿದೆ ಇದರಲ್ಲಿ?" ಅಂದಳು. ಇರ್ತದೆ, ಸರಿಯಾಗಿ ನೋಡು ಅಂದೆ. ಕನ್ನಡಕ ಹಾಕಿಕೊಂಡು ನಾನೇ ಬೆರಳಿಟ್ಟು ಒಂದೊಂದು ಸಾಲು ಓದಿದೆ. ಆಗಸ್ಟ್ 10 ಇಲ್ಲ. ಸೆಪ್ಟೆಂಬರ್ 10 ಇಲ್ಲ. ಅಕ್ಟೋಬರ್ ಇಲ್ಲ. ಎಲ್‌ಐಸಿ ಕಂತು `ACH D` ಅಂತ ಶುರುವಾಗೋ ಸಾಲಿನಲ್ಲಿ ನೀಟಾಗಿ ಹೋಗಿತ್ತು. ಫಂಡಿನದ್ದು ಒಂದೂ ಇಲ್ಲ. ಜುಲೈನ ಯುಪಿಐ ಬಿಟ್ಟರೆ ಒಂದೂ ಇಲ್ಲ.

ಸಂಜೆ ಬೆಂಗಳೂರಿನ ಮಗಳಿಗೆ ಫೋನ್ ಮಾಡಿದೆ. ಅವಳು ಎಂಎಫ್ ಸೆಂಟ್ರಲ್ ತೆಗೆಸಿದಳು. ಕ್ಯಾಮ್ಸ್ ಮತ್ತು ಕೆಫಿನ್‌ಟೆಕ್ ಅಂತ ಫಂಡುಗಳ ಲೆಕ್ಕ ಇಡೋ ಎರಡು ಸಂಸ್ಥೆಗಳಿವೆಯಲ್ಲ, ಅವೆರಡೂ ಸೇರಿ ನಡೆಸೋ ಜಾಲತಾಣ. ಪಾನ್ ನಂಬರ್ ಹಾಕಿ, ನನ್ನ ಮೊಬೈಲಿಗೆ ಬಂದ ಓಟಿಪಿ ಹೇಳಿದೆ. ನಮ್ಮಲ್ಲಿ ಸಿಗ್ನಲ್ ಬರಲು ಗೇಟಿನ ಹತ್ತಿರ ಹೋಗಿ ನಿಲ್ಲಬೇಕು, ಅದು ಬೇರೆ ಕತೆ. ಅವಳು ಓದಿ ಹೇಳಿದಳು: "ಅಪ್ಪಾ, ಒಂದೇ ಸಾಲು ಇದೆ. ಜುಲೈದು. 4,999.75 ರೂಪಾಯಿ. ಆಮೇಲೆ ಏನೂ ಇಲ್ಲ."

ಒಂದೇ ಸಾಲು. ಗೇಟಿನ ಹತ್ತಿರ ನಿಂತು ಕೇಳಿದ ಆ ಮಾತು ಈಗಲೂ ಕಿವಿಯಲ್ಲಿದೆ. ಎಂಟು ತಿಂಗಳು ಊರವರ ಎದುರು ಇಂಡೆಕ್ಸ್ ಫಂಡ್ ಅಂದ್ರೆ ಹಾಗೆ ಹೀಗೆ ಅಂತ ಭಾಷಣ ಬೇರೆ ಮಾಡಿದ್ದೆ.

ಇನ್ನೊಂದನ್ನೂ ಅವಳೇ ಹೇಳಿದಳು. "ಇಲ್ಲಿರೋ ಇಮೇಲ್ ನಿಮ್ಮದಲ್ಲ." ಯಾರದ್ದು? ಏಜೆಂಟನದ್ದು! ಫಾರ್ಮ್ ತುಂಬುವಾಗ "ನಿಂಗೆ ಮೇಲ್ ಎಂತಕ್ಕೆ ಭಾವ, ನಂದೇ ಹಾಕ್ತಿ" ಅಂದಿದ್ದ. ನಾನು ಹೂಂ ಅಂದಿದ್ದೆ.

ಫಂಡಿನ ಗ್ರಾಹಕ ಸೇವೆಗೆ ಫೋನ್ ಮಾಡಿದೆ. ಆಕೆ ಪಾಪ ತಾಳ್ಮೆಯಿಂದಲೇ ಹೇಳಿದಳು. ಮ್ಯಾಂಡೇಟ್ ಆಗಸ್ಟ್‌ನಲ್ಲೇ ತಿರಸ್ಕಾರ ಆಗಿದೆ. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಮೂರು ಕಂತು ಸಾಲಾಗಿ ಫೇಲ್. ತಿಂಗಳ ಎಸ್‌ಐಪಿ ಮೂರು ಸಲ ಸತತ ಫೇಲಾದರೆ ರದ್ದಾಗ್ತದೆ, ಅದು ನಿಯಮ. ಹಾಗಾಗಿ ನವೆಂಬರ್‌ನಲ್ಲೇ ಮುಚ್ಚಿದೆ. "ನಿಮ್ಮ ನೋಂದಾಯಿತ ಇಮೇಲ್‌ಗೆ ಪ್ರತಿ ಸಲ ತಿಳಿಸಿದ್ದೇವೆ ಸರ್."

ತಿಳಿಸಿದ್ದಾರೆ! ಅವನಿಗೆ! ಪ್ರತಿ ಸಲ! ಅಂದ್ರೆ ಡಿಸೆಂಬರ್‌ನಲ್ಲಿ "ಆಕ್ಟಿವ್ ಇದ್ದು" ಅಂದಾಗ ಅದು ಸತ್ತು ತಿಂಗಳಾಗಿತ್ತು. ಅವನ ಆ್ಯಪ್‌ನ ಹಸಿರು ಟಿಕ್ ತೋರಿಸ್ತಿದ್ದದ್ದು ಅವನು ಜುಲೈನಲ್ಲಿ ತುಂಬಿದ ಅರ್ಜಿಯನ್ನು. ದುಡ್ಡು ಹೋಯಿತೋ ಇಲ್ಲವೋ ಅನ್ನೋದನ್ನಲ್ಲ.

ಬ್ಯಾಂಕಿಗೆ ಹೋದೆ. ಕೌಂಟರಿನವರು ಹುಡುಕಿ ನೋಡಿ, ಸಹಿ ಹೊಂದಿಲ್ಲ ಅಂದರು. ನನ್ನ ಖಾತೆ ಕಾಲೇಜು ದಿನಗಳದ್ದು. ಆಗ ಕನ್ನಡದಲ್ಲಿ ಪೂರ್ತಿ ಹೆಸರು ಬರೆದು ಸಹಿ ಮಾಡ್ತಿದ್ದೆ. ಬ್ಯಾಂಕಿನ ಕಂಪ್ಯೂಟರಿನಲ್ಲಿ ಇವತ್ತಿಗೂ ಅದೇ ಗುಂಡು ಗುಂಡು ಅಕ್ಷರ. ಚಾ ಅಂಗಡಿಯಲ್ಲಿ ಹಾಕಿದ್ದು ಈಗಿನ ಇಂಗ್ಲಿಷ್ ಗೀಚು. ನನಗೆ ಒಂದು ಮಾತು ಹೇಳಬಹುದಿತ್ತಲ್ಲ ಅಂದೆ. "ಕಳಿಸಿದವರಿಗೆ ಕಾರಣ ಹಾಕಿ ವಾಪಸ್ ಮಾಡ್ತೇವೆ. ನಿಮಗೆ ಅವರು ಹೇಳಬೇಕು" ಅಂದರು. ಅದೂ ಸರಿಯೇ. ತಪ್ಪು ಸಹಿ ನನ್ನದೇ, ಒಪ್ಪಿಕೊಳ್ತೇನೆ. ಆದ್ರೆ ತಪ್ಪಾಗಿದೆ ಅಂತ ಗೊತ್ತಿದ್ದವನು ಒಬ್ಬನೇ, ಅವನು ಬಾಯಿ ಬಿಡಲಿಲ್ಲ.

ಅವನಿಗೆ ಫೋನ್ ಮಾಡಿದೆ. ಮೊದಲು "ಆಕ್ಟಿವ್ ಇದ್ದಲಾ" ಅಂದ. ಪಾಸ್‌ಬುಕ್ ನೋಡಿದೆ ಅಂದೆ. ಆಗ "ಸರ್ವರ್ ಪ್ರಾಬ್ಲಮ್" ಅಂದ. ಎಂಟು ತಿಂಗಳು ಸರ್ವರ್ ಪ್ರಾಬ್ಲಮ್ಮಾ? ಆಮೇಲೆ ಬ್ಯಾಂಕಿನವರ ತಪ್ಪು. ಆಮೇಲೆ "ಸಹಿ ನಿಂದೇ ಅಲ್ದಾ?" ಮೇಲ್ ನಿನಗೆ ಬಂದಿತ್ತಲ್ಲ ತಮಾ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. "ದಿನಾ ನೂರಾರು ಮೇಲ್ ಬತ್ತು ಭಾವ, ಯಾವ್ದು ಅಂತ ನೋಡ್ಲಿ?" ಕೊನೆಗೆ ಒಂದು ಮಾತು ಹೇಳಿದ, ಅದನ್ನು ಮಾತ್ರ ಮರೆಯೋಲ್ಲ: "ನಿಂಗೆ ನಷ್ಟ ಎಂತ ಆತು? ದುಡ್ಡು ನಿನ್ನ ಖಾತೇಲೇ ಇದ್ದಲ."

ಇಲ್ಲ ಮಾರಾಯ, ಇಲ್ಲ. ಖಾತೆಯಲ್ಲಿದ್ದ ದುಡ್ಡು ಖಾತೆಯಲ್ಲಿ ಉಳೀತದಾ? ಅಟ್ಟದ ಶೀಟು ಬದಲಿಸಿದೆವು, ಅದರಲ್ಲಿ ಹೋಯ್ತು. ನಲವತ್ತು ಸಾವಿರ ಕಣ್ಣಿಗೆ ಕಾಣದ ಹಾಗೆ ಎತ್ತಿಡಲೆಂದೇ ತಾನೇ ಈ ಆಟೊಮ್ಯಾಟಿಕ್ ವ್ಯವಸ್ಥೆ ಮಾಡಿಕೊಂಡದ್ದು?

ಈಗ ನಾನು ಮಾಡಿಕೊಂಡದ್ದು ಹೇಳ್ತೇನೆ. ಕಾಗದದ ಮ್ಯಾಂಡೇಟ್ ಬಿಟ್ಟು, ಆನ್‌ಲೈನ್‌ನಲ್ಲಿ ಡೆಬಿಟ್ ಕಾರ್ಡ್ ಹಾಕಿ ಮಾಡಿದೆ. ಸಹಿಯ ರಗಳೆಯೇ ಇಲ್ಲ. ಅದರಲ್ಲಿ ಗರಿಷ್ಠ ಮೊತ್ತ ಅಂತ ಕೇಳ್ತದೆ, 10,000 ಹಾಕಿದೆ. ಹೆದರಬೇಡಿ, ಅದು ಮಿತಿ ಅಷ್ಟೇ, ಕಟ್ ಆಗೋದು ಎಸ್‌ಐಪಿಯ 5,000. ಮುಂದೆ ಕಂತು ಜಾಸ್ತಿ ಮಾಡಿದರೆ ಜಾಗ ಇರಲಿ ಅಂತ. ಮಾಡಿದ ಮೇಲೆ ಆ ಮ್ಯಾಂಡೇಟಿನ ಗುರುತಿಗೆ ಯುಎಂಆರ್‌ಎನ್ ಅಂತ ಉದ್ದ ನಂಬರ್ ಕಾಣ್ತದೆ. ಬರೇ ನಂಬರ್ ನೋಡಿ ನಂಬಬೇಡಿ, ಪಕ್ಕದಲ್ಲಿ ಬ್ಯಾಂಕ್ ಒಪ್ಪಿದೆ ಅಂತ ಇರಬೇಕು. ಇಮೇಲ್ ಬದಲಿಸಿ ಮಗಳು ಮಾಡಿಕೊಟ್ಟ ನನ್ನದೇ ವಿಳಾಸ ಹಾಕಿಸಿದೆ. ನಿಮ್ಮ ಫೋಲಿಯೋದಲ್ಲಿ, ಅಂದ್ರೆ ಫಂಡಿನಲ್ಲಿರೋ ನಿಮ್ಮ ಖಾತೆಯಲ್ಲಿ, ಯಾರ ಇಮೇಲ್ ಇದೆ ಅಂತ ಇವತ್ತೇ ನೋಡಿ. ಇವತ್ತೇ. ಅದು ನಿಮ್ಮದಲ್ಲದಿದ್ದರೆ ಕಂತು ಫೇಲಾದ ಸುದ್ದಿ ನಿಮಗೆ ತಲುಪದೇ ಹೋಗಬಹುದು.

ತಿಂಗಳ ತಪಾಸಣೆಗೆ ಐದು ನಿಮಿಷ ಸಾಕು. 10ನೇ ತಾರೀಕು ಭಾನುವಾರವೋ ರಜೆಯೋ ಬಂದರೆ ಕಂತು ಮುಂದಿನ ಕೆಲಸದ ದಿನ ಹೋಗ್ತದೆ. ದುಡ್ಡು ಫಂಡಿನ ಕೈಗೆ ಸಿಕ್ಕ ದಿನದ ಎನ್‌ಎವಿಗೇ, ಅಂದ್ರೆ ಒಂದು ಯುನಿಟ್ಟಿನ ಆ ದಿನದ ಬೆಲೆಗೇ, ಯುನಿಟ್ ಸಿಗೋದು, ಹಾಗಾಗಿ ಒಂದೆರಡು ದಿನ ಹಿಂದೆ ಮುಂದೆ ಆಗ್ತದೆ. ಅದಕ್ಕೇ 16ಕ್ಕೆ ಕೂರ್ತೇನೆ. ಬ್ಯಾಂಕಿನಲ್ಲಿ 5,000 ಹೋದ ಸಾಲು, ಫಂಡಿನ ಲೆಕ್ಕದಲ್ಲಿ ಯುನಿಟ್ ಬಂದ ಸಾಲು, ಎರಡೂ ಬೇಕು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಅವತ್ತೇ ಫೋನ್. ಯುನಿಟ್ ಅನ್ನು ಎನ್‌ಎವಿಯಿಂದ ಗುಣಿಸಿ ನೋಡಿ. ಎನ್‌ಎವಿ 160.25 ಇದ್ದರೆ 31.200 ಯುನಿಟ್ ಬರಬೇಕು, ಸುಮಾರು 4,999.75ಕ್ಕೆ ಸರಿಹೊಂದ್ತದೆ. ಆ ಕಾಲು ರೂಪಾಯಿ ಸ್ಟಾಂಪ್ ಡ್ಯೂಟಿ, ಅದಕ್ಕೆ ಜಗಳ ಬೇಡ.

ಆ್ಯಪ್‌ನ ಟಿಕ್ ಲೆಕ್ಕಕ್ಕಿಲ್ಲ. ಏಜೆಂಟನ ಬಾಯಿಮಾತೂ ಲೆಕ್ಕಕ್ಕಿಲ್ಲ, ಸಂಬಂಧಿಕನಾದರಂತೂ ಇನ್ನೂ ಇಲ್ಲ. ಇಂಡೆಕ್ಸ್ ಫಂಡಿನಲ್ಲಿ ಅವರಿಗೆ ಕಮಿಷನ್ ಕಡಿಮೆ, ಹಾಗಾಗಿ ಯಾರೂ ಹಿಂದೆ ಬಿದ್ದು ನೋಡೋಲ್ಲ ಅಂತ ನನ್ನ ಅನುಮಾನ. ಸಿಟ್ಟಿಗೆ ಹೇಳ್ತಿದ್ದೇನೆ ಅಂದುಕೊಳ್ಳಿ, ಪರವಾಗಿಲ್ಲ. ನಾನೀಗ ಮಧ್ಯೆ ಯಾರೂ ಇಲ್ಲದ ಡೈರೆಕ್ಟ್ ಪ್ಲಾನ್‌ನಲ್ಲಿ ಹಾಕಿದ್ದೇನೆ.

ಮೊನ್ನೆ ಒಂದು ಉಪನಯನದಲ್ಲಿ ಸಿಕ್ಕಿದ್ದ. ನನ್ನ ಪಂಕ್ತಿಯಲ್ಲೇ, ಎರಡು ಎಲೆ ಆಚೆ. ಹೋಳಿಗೆ ಹಾಕಿಸಿಕೊಳ್ಳುತ್ತಾ ನಗು ನಗುತ್ತಲೇ ಕೇಳಿದ: "ಮತ್ತೆ ಎಂತ ಭಾವ, ಎಸ್‌ಐಪಿ ನಡೀತಾ ಇದ್ದಾ?"