ಎರಡು ವರ್ಷ ಉಟ್ಟು ನೋಡಿದ ಮೇಲೆ: ವಾರಾಂತ್ಯಕ್ಕೆ ಪೋಲೋ, ಚಿನೋಸ್, ಬಿಳಿ ಸ್ನೀಕರ್ಸ್

ಮೊದಲು ಕಾಲರ್ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಪೋಲೋ ಕೆಡಲು ಶುರುವಾಗುವುದೇ ಅಲ್ಲಿಂದ. ಬಟ್ಟೆ ಗಟ್ಟಿಯಾಗಿರುತ್ತದೆ, ಬಣ್ಣವೂ ಹೋಗಿರುವುದಿಲ್ಲ, ಆದರೆ ಕಾಲರಿನ ತುದಿ ಎರಡೂ ಕಡೆ ಮೇಲಕ್ಕೆ ಸುರುಳಿ ಸುತ್ತಿಕೊಂಡಿತೆಂದರೆ ಆ ಶರ್ಟ್ ಮನೆಯಲ್ಲಿ ಹಾಕಿಕೊಳ್ಳಲಷ್ಟೇ ಸರಿ.

ಎರಡು ವರ್ಷದಲ್ಲಿ ಮೂರು ಪೋಲೋ, ಎರಡು ಚಿನೋಸ್, ಎರಡು ಜೊತೆ ಬಿಳಿ ಸ್ನೀಕರ್ಸ್ ಬಳಸಿದ್ದೇನೆ. ಇರುವುದು ಬೆಂಗಳೂರಿನಲ್ಲಿ, ಬಟ್ಟೆ ಒಗೆಯುವುದು ಮನೆಯ ಮಷೀನಿನಲ್ಲಿ, ಶನಿವಾರ ಭಾನುವಾರ ಜಾಸ್ತಿ ಓಡಾಡುತ್ತೇನೆ. ಬ್ರ್ಯಾಂಡ್ ಹೆಸರು ಹೇಳುತ್ತಿಲ್ಲ. ಯಾವ ಬ್ರ್ಯಾಂಡ್ ಕೊಂಡರೂ ನೋಡಬೇಕಾದದ್ದು ಇದೇ.

ನಾವು ಆಫೀಸಿಗೆ ಹಾಕುವ ಶರ್ಟಿನ ಕಾಲರಿನಲ್ಲಿ ಎರಡು ಪದರ ಬಟ್ಟೆಯ ನಡುವೆ ಗಟ್ಟಿ ಕ್ಯಾನ್ವಾಸ್ ಇರುತ್ತದೆ. ಸಾಮಾನ್ಯ ಪೋಲೋದಲ್ಲಿ ಅದಿಲ್ಲ. ಕಾಲರನ್ನು ಬೇರೆಯಾಗಿ ಪಟ್ಟಿಯ ಹಾಗೆ ಹೆಣೆದು ಕೊರಳಿಗೆ ಹೊಲಿಯುತ್ತಾರೆ. ಆ ಹೆಣಿಗೆ ಸಡಿಲವಾಗಿದ್ದರೆ ಕೆಲವೇ ಒಗೆತಕ್ಕೆ ಬಿಗಿ ಹೋಗಿ ಅಂಚು ಸುತ್ತಿಕೊಳ್ಳುತ್ತದೆ. ನನ್ನ ಮೊದಲ ಪೋಲೋ 499 ರೂಪಾಯಿಯದ್ದು, ತೆಳು ಬಟ್ಟೆ, ಏಳನೇ ಒಗೆತಕ್ಕೆ ಕಾಲರ್ ಹೋಯಿತು. ಈಗ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡುತ್ತೇನೆ. ಕಾಲರಿನ ತುದಿಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಎಳೆದು ಬಿಡುವುದು. ತಕ್ಷಣ ಮೊದಲಿನ ಅಳತೆಗೆ ಬಂದರೆ ಸರಿ, ಅಲೆಅಲೆಯಾಗಿ ನಿಂತರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಎರಡನೆಯದು ಪೂರ್ತಿ ಹತ್ತಿಯ ಪಿಕೆ ಬಟ್ಟೆ, ನೇವಿ ಬಣ್ಣ, ಲೇಬಲ್ಲಿನಲ್ಲಿ 220 ಜಿಎಸ್‌ಎಂ ಅಂತಿತ್ತು, ಅಂದರೆ ಒಂದು ಚದರ ಮೀಟರ್ ಬಟ್ಟೆ 220 ಗ್ರಾಂ ತೂಗುತ್ತದೆ. ಪಿಕೆ ಅಂದರೆ ಹತ್ತಿರದಿಂದ ನೋಡಿದರೆ ಸಣ್ಣ ಸಣ್ಣ ಕುಳಿಗಳಿರುವ ಹೆಣಿಗೆ. ಅದು ಮೈಗೆ ಪೂರ್ತಿ ಅಂಟುವುದಿಲ್ಲ, ಏಪ್ರಿಲ್ ಬಿಸಿಲಲ್ಲೂ ತಡೆಯಬಹುದು. ಮೊದಲ ಒಗೆತಕ್ಕೆ ಉದ್ದದಲ್ಲಿ ಒಂದು ಇಂಚು ಕುಗ್ಗಿತು, ಹಾಗಾಗಿ ಟ್ರಯಲ್ ರೂಮಿನಲ್ಲಿ ಉದ್ದ ಅಳತೆಗೆ ಸರಿಯಾಗಿ ಕೂತಿದೆ ಅಂದರೆ ಹತ್ತಿಯ ಪೋಲೋದಲ್ಲಿ ಅದು ಗಿಡ್ಡ ಅಂತಲೇ ಲೆಕ್ಕ. ಮೂರನೆಯದು ಬೂದು ಬಣ್ಣ, ಪಾಲಿಯೆಸ್ಟರ್ ಬೆರೆತದ್ದು. ಕಾಲರ್ ಚೆನ್ನಾಗಿಯೇ ಇದೆ, ಆದರೆ ಬ್ಯಾಗಿನ ಪಟ್ಟಿ ಉಜ್ಜುವ ಕಡೆ, ಕಂಕುಳ ಕೆಳಗೆ ಎಲ್ಲ ಸಣ್ಣ ಉಂಡೆ ಕಟ್ಟಿದೆ. ಬೂದು ಬಣ್ಣದಲ್ಲಿ ಬೆವರು ಎದ್ದು ಕಾಣುತ್ತದೆ, ಅದು ಬೇರೆ. ನೇವಿ ಮತ್ತು ಬಿಳಿಯಲ್ಲಿ ಅಷ್ಟು ಕಾಣುವುದಿಲ್ಲ.

ಇನ್‌ಶರ್ಟ್ ಮಾಡಬೇಕಾ ಬೇಡವಾ ಅಂತ ತುಂಬಾ ಜನ ಕೇಳುತ್ತಾರೆ. ಶರ್ಟಿನ ಹಿಂದಿನ ಅಂಚು ನೋಡಿ. ಕೆಲವು ಪೋಲೋಗಳಲ್ಲಿ ಹಿಂಭಾಗ ಮುಂಭಾಗಕ್ಕಿಂತ ಉದ್ದ ಇರುತ್ತದೆ. ಇದು ಟೆನಿಸ್ ಅಂಗಳದಿಂದ ಬಂದದ್ದು, ಓಡಾಡುವಾಗ ಪ್ಯಾಂಟಿನೊಳಗಿಂದ ಹೊರಗೆ ಬರದಿರಲಿ ಅಂತ. ಫ್ರಾನ್ಸಿನ ಆಟಗಾರ ರೆನೆ ಲಕಾಸ್ಟ್ ಉದ್ದ ತೋಳಿನ ಗಂಜಿ ಹಾಕಿದ ಶರ್ಟ್ ಬಿಟ್ಟು ಇಂಥ ಪಿಕೆ ಶರ್ಟ್ ತೊಟ್ಟು ಆಡಲು ಶುರುಮಾಡಿದ್ದು 1920ರ ದಶಕದಲ್ಲಿ. ಹಿಂದೆ ಉದ್ದ ಇರುವುದನ್ನು ಒಳಗೆ ಹಾಕಿದರೇ ಚೆಂದ. ಅಂಚು ಸುತ್ತಲೂ ಸಮ ಇದ್ದು ಜಿಪ್ಪಿನ ಅರ್ಧಕ್ಕೆ ನಿಲ್ಲುವಂತಿದ್ದರೆ ಹೊರಗೇ ಬಿಡಿ.

ಇನ್ನು ಚಿನೋಸ್. ಇಲ್ಲಿ ನನಗೆ ಪಾಠ ಆಗಿದ್ದು ಮೈಸೂರಿನಲ್ಲಿ ನಮ್ಮ ಅತ್ತೆಯ ಮಗನ ಗೃಹಪ್ರವೇಶದ ದಿನ. ನೇವಿ ಪೋಲೋ, ಖಾಕಿ ಚಿನೋಸ್, ಬಿಳಿ ಶೂ, ನೋಡಲು ಚೆನ್ನಾಗಿಯೇ ಇತ್ತು. ಊಟಕ್ಕೆ ನೆಲದಲ್ಲಿ ಎಲೆ ಹಾಕಿದರು. ಚಕ್ಕಳಮಕ್ಕಳ ಹಾಕಿ ಕೂತ ಕೂಡಲೇ ತೊಡೆ ಬಿಗಿಯಿತು, ಸೊಂಟಪಟ್ಟಿ ಹಿಂದೆ ಕೆಳಗೆ ಜಾರಿತು, ಹೋಳಿಗೆ ಬರುವ ಹೊತ್ತಿಗೆ ಕೂರಲು ಆಗುತ್ತಿರಲಿಲ್ಲ. "ಯಾಕೋ, ಕುರ್ಚಿ ತರಿಸ್ಲಾ?" ಅಂತ ಅತ್ತೆ ಕೇಳಿದರು. ಆ ಪ್ಯಾಂಟ್ ಪೂರ್ತಿ ಹತ್ತಿಯದು, ಸ್ಲಿಮ್ ಫಿಟ್, ರೈಸ್ ಕಡಿಮೆ. ರೈಸ್ ಅಂದರೆ ಸೊಂಟಪಟ್ಟಿಯಿಂದ ಎರಡು ಕಾಲು ಸೇರುವ ಹೊಲಿಗೆಯವರೆಗಿನ ಅಳತೆ. ಅದು ಕಡಿಮೆಯಾದರೆ ಕೂತಾಗ ಬಟ್ಟೆಗೆ ಹೋಗಲು ಜಾಗವೇ ಇರುವುದಿಲ್ಲ, ಎಲ್ಲ ಎಳೆತವೂ ಆ ಹೊಲಿಗೆಯ ಮೇಲೆ ಬೀಳುತ್ತದೆ.

ಎರಡನೆಯದು ಕೊಳ್ಳುವಾಗ ಟ್ರಯಲ್ ರೂಮಿನಲ್ಲೇ ನೆಲದ ಮೇಲೆ ಕೂತು ನೋಡಿದೆ. ನನ್ನ ಸೊಂಟ 34, ಮುಂದಿನ ರೈಸ್ 11 ಇಂಚು ಹತ್ತಿರ ಇರುವುದು ಆರಾಮ. ಬಟ್ಟೆಯಲ್ಲಿ 98 ಭಾಗ ಹತ್ತಿ, 2 ಭಾಗ ಎಲಾಸ್ಟೇನ್ ಅನ್ನುವ ಹಿಗ್ಗುವ ನೂಲು. ಇಷ್ಟು ಸಾಕು. ತುಂಬಾ ಎಳೆಯುವ ಬಟ್ಟೆ ಬೆಳಿಗ್ಗೆ ಸುಖವಾಗಿರುತ್ತದೆ, ಸಂಜೆಗೆ ಮಂಡಿ ಹತ್ತಿರ ಉಬ್ಬಿಕೊಂಡು ಹಾಗೇ ನಿಲ್ಲುತ್ತದೆ.

ಕಾಲಿನ ಉದ್ದ ಮಾತ್ರ ಅವಸರದಲ್ಲಿ ಕತ್ತರಿಸಬೇಡಿ. ಒಂದು ಸಲ ಒಗೆದು, ಒಣಗಿಸಿ, ಇದೇ ಸ್ನೀಕರ್ಸ್ ಹಾಕಿಕೊಂಡು ಟೈಲರ್ ಹತ್ತಿರ ಹೋಗಿ. ಅಂಚು ಶೂ ನಾಲಿಗೆಯ ಮೇಲ್ಭಾಗವನ್ನು ಸುಮ್ನೆ ಮುಟ್ಟುವಂತಿರಲಿ. ಅದಕ್ಕಿಂತ ಉದ್ದವಾದರೆ ಶೂ ಮೇಲೆ ಬಟ್ಟೆ ಗುಡ್ಡೆಯಾಗುತ್ತದೆ, ಫಾರ್ಮಲ್ ಶೂನಲ್ಲಿ ಅದು ನಡೆಯುತ್ತದೆ, ತಗ್ಗಿನ ಸ್ನೀಕರ್ಸಿನಲ್ಲಿ ಬೇರೆಯವರ ಪ್ಯಾಂಟ್ ಹಾಕಿದ ಹಾಗೆ ಕಾಣುತ್ತದೆ. ಒಳಗೆ ಒಂದು ಇಂಚು ಮಡಿಸಿ ಬಿಡಲು ಹೇಳಿ. ನಮ್ಮ ಬೀದಿಯಲ್ಲಿ ನೂರು ರೂಪಾಯಿ ತೆಗೆದುಕೊಂಡರು, ಇಡೀ ಉಡುಪಿನ ಕಳೆ ಬದಲಾದದ್ದು ಆ ನೂರು ರೂಪಾಯಿಂದಲೇ.

ಸ್ನೀಕರ್ಸ್ ಮೊದಲ ಜೊತೆ ಚರ್ಮದಂತೆ ಕಾಣುವ ಸಿಂಥೆಟಿಕ್. ಬೆರಳು ಬಾಗುವ ಕಡೆ ಗೆರೆ ಬಿದ್ದು, ಹದಿನಾಲ್ಕು ತಿಂಗಳಿಗೆ ಮೇಲಿನ ಸಿಪ್ಪೆ ಏಳತೊಡಗಿತು. ಅದನ್ನು ಸರಿಮಾಡಲು ಆಗುವುದಿಲ್ಲ. ಈಗಿನದು ನಿಜವಾದ ಚರ್ಮ, ಅಟ್ಟೆಯ ಸುತ್ತ ದಾರದ ಹೊಲಿಗೆ ಇದೆ. ಗೆರೆ ಇದರಲ್ಲೂ ಬಿದ್ದಿದೆ, ಆದರೆ ಸುಕ್ಕಾಗಿದೆಯೇ ಹೊರತು ಬಿರಿದಿಲ್ಲ. ಬೆಲೆ ಎರಡರಷ್ಟು ಜಾಸ್ತಿ, ನನಗೆ ಅದು ಸರಿ ಅನ್ನಿಸಿದೆ.

ಬಿಳಿ ಶೂ ಹಳದಿಯಾಗುವುದು ಬರೀ ಕೊಳೆಯಿಂದ ಅಲ್ಲ. ಸೋಪು ಪೂರ್ತಿ ಹೋಗದೆ ಬಿಸಿಲಿಗೆ ಇಟ್ಟರೆ ಹೊಲಿಗೆ ಪಕ್ಕದಲ್ಲೇ ಹಳದಿ ಗೆರೆ ಬರುತ್ತದೆ. ಹಾಗಾಗಿ ಮನೆಗೆ ಬಂದ ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸಿ, ವಾರಕ್ಕೊಮ್ಮೆ ತೆಳು ಸೋಪು ನೀರು ಮತ್ತು ಮೆತ್ತನೆಯ ಬ್ರಷ್, ಆಮೇಲೆ ಬರೀ ನೀರಿನ ಬಟ್ಟೆಯಲ್ಲಿ ಎರಡು ಸಲ ಒರೆಸಿ ನೆರಳಲ್ಲಿ ಇಡುತ್ತೇನೆ. ಟೂತ್‌ಪೇಸ್ಟ್ ಹಚ್ಚಬೇಡಿ, ಅದು ಚರ್ಮದ ಮೇಲಿನ ಬಣ್ಣವನ್ನೇ ಉಜ್ಜಿ ತೆಗೆಯುತ್ತದೆ. ಮಳೆಯಲ್ಲಿ ನೆಂದರೆ ಒಳಗೆ ಪೇಪರ್ ತುಂಬಿ, ಒಂದೆರಡು ಗಂಟೆಗೆ ಆ ಪೇಪರ್ ಬದಲಾಯಿಸಿ.

ಸಾಕ್ಸ್ ಬಗ್ಗೆಯೂ ಹೇಳಲೇಬೇಕು. ನಮ್ಮ ಕಡೆ ಯಾರ ಮನೆಗೆ ಹೋದರೂ ಬಾಗಿಲಲ್ಲೇ ಶೂ ಬಿಡುತ್ತೇವೆ ಅಲ್ವಾ. ಹೊರಗೆ ಕಾಣದ ತಗ್ಗು ಸಾಕ್ಸ್ ಕೊಳ್ಳುವಾಗ ಹಿಮ್ಮಡಿ ಒಳಗೆ ರಬ್ಬರಿನಂಥ ಪಟ್ಟಿ ಇದೆಯಾ ನೋಡಿ, ಇಲ್ಲದಿದ್ದರೆ ಶೂ ಬಿಚ್ಚುವಾಗ ಸಾಕ್ಸೂ ಅದರ ಜೊತೆಗೇ ಬರುತ್ತದೆ.

ಒಗೆಯುವುದು ಹೀಗೆ: ಪೋಲೋ, ಚಿನೋಸ್ ಎರಡನ್ನೂ ಒಳಮಗ್ಗುಲು ಮಾಡಿ, ತಣ್ಣೀರಿನಲ್ಲಿ. ಪೋಲೋ ಒದ್ದೆ ಇರುವಾಗಲೇ ಕಾಲರನ್ನು ಕೈಯಲ್ಲಿ ತಟ್ಟಿ ನೇರ ಮಾಡಿ. ಹ್ಯಾಂಗರಿಗೆ ಹಾಕಿದರೆ ನೀರಿನ ಭಾರಕ್ಕೆ ಭುಜದಲ್ಲಿ ಮೊನೆ ಏಳುತ್ತದೆ, ಅದಕ್ಕೆ ಹಗ್ಗದ ಮೇಲೆ ಅರ್ಧಕ್ಕೆ ಮಡಿಸಿ ನೆರಳಲ್ಲಿ ಹಾಕುತ್ತೇನೆ. ನೇವಿ ಪೋಲೋ ಇದೇ ರೀತಿ ಅರವತ್ತು ಒಗೆತ ದಾಟಿದೆ. ಬಣ್ಣ ಸ್ವಲ್ಪ ಮಾಸಿದೆ, ಕಾಲರ್ ಇನ್ನೂ ನೇರ ನಿಲ್ಲುತ್ತದೆ. ಮುಂದೆ ಬಿಳಿ ಪೋಲೋ ತಗೊಳ್ಳುತ್ತಿದ್ದೇನೆ, ಅದೇ ಪಿಕೆ, ಒಂದು ಸೈಜ್ ಉದ್ದ ನೋಡಿಕೊಂಡು, ಆಲಿವ್ ಹಸಿರು ಚಿನೋಸ್ ಜೊತೆಗೆ.