ಮೈಸೂರಲ್ಲಿ ಎಂಟು ತಿಂಗಳು, ಎರಡು ಸಿಮ್, ಒಂದು ಗೇಮ್: ಡೇಟಾ ಯಾವ ಸಿಮ್‌ಗೆ ಕೊಡಬೇಕು?

ಬಳಸಿದ್ದು ಮಧ್ಯಮ ಬೆಲೆಯ 5G ಆಂಡ್ರಾಯ್ಡ್ ಫೋನ್. ಅದರಲ್ಲಿ ಎರಡು ಬೇರೆ ಬೇರೆ ಕಂಪನಿಯ ಸಿಮ್. ಜಾಗ ಕುವೆಂಪುನಗರದ ಒಂದು ಮನೆಯ ಹಿಂದಿನ ಕೋಣೆ, ವಾರದ ಕೊನೆಗೆ ಮಂಡ್ಯ. ಆಡೋದು ಹೆಚ್ಚಾಗಿ ಬಿಜಿಎಂಐ, ರಾತ್ರಿ ಊಟ ಆದ ಮೇಲೆ. ಎಂಟು ತಿಂಗಳಾದ ಮೇಲೆ ಖಚಿತವಾಗಿ ಹೇಳಬಹುದಾದ್ದು ಇಷ್ಟು: ಸ್ಪೀಡ್ ಟೆಸ್ಟ್‌ನಲ್ಲಿ ಗೆದ್ದ ಸಿಮ್ ಗೇಮ್‌ನಲ್ಲಿ ಸೋತಿತು. ಜೊತೆಗೆ, ನಿಮಗೆ ಕಾಲ್ ಯಾವ ಸಿಮ್‌ಗೆ ಬರುತ್ತೆ ಅನ್ನೋದು ಸಿಗ್ನಲ್ ಕಡ್ಡಿಗಳಿಗಿಂತ ದೊಡ್ಡ ವಿಷಯ.

ಮೊದಲು ವೇಗದ ಮಾತು. ಒಂದು ಮ್ಯಾಚ್‌ಗೆ ಖರ್ಚಾಗೋ ಡೇಟಾ ತುಂಬಾ ಕಡಿಮೆ. ಅಷ್ಟಕ್ಕೆ 200 ಎಂಬಿಪಿಎಸ್ ಇದ್ದರೂ ಒಂದೇ, 5 ಎಂಬಿಪಿಎಸ್ ಇದ್ದರೂ ಒಂದೇ. ಫೋನಿಗೂ ಸರ್ವರ್‌ಗೂ ನಡುವೆ ಚಿಕ್ಕ ಚಿಕ್ಕ ಪ್ಯಾಕೆಟ್‌ಗಳು ಒಂದೇ ಲಯದಲ್ಲಿ ಓಡಾಡಬೇಕು, ಗೇಮ್ ಕೇಳೋದು ಅಷ್ಟನ್ನೇ. ಲಯ ತಪ್ಪಿದಾಗ ಎದುರಾಳಿ ನಿಂತಲ್ಲೇ ನಿಂತು, ಆಮೇಲೆ ಇದ್ದಕ್ಕಿದ್ದಂತೆ ಎರಡು ಮಾರು ಆಚೆ ಕಾಣಿಸಿಕೊಳ್ತಾನೆ. ನೀವು ಹೊಡೆದ ಗುಂಡು ಅವನು ಆಗಲೇ ಬಿಟ್ಟುಹೋದ ಜಾಗಕ್ಕೆ ಬೀಳುತ್ತೆ.

ಈ ಲಯವನ್ನು ಅಳೆಯೋಕೆ ವೈಫೈ ಆಫ್ ಮಾಡಿ, ಡೇಟಾವನ್ನು ಒಂದು ಸಿಮ್‌ಗೆ ಕೊಟ್ಟು, ಟರ್ಮಕ್ಸ್ ಆ್ಯಪ್‌ನಲ್ಲಿ ಈ ಸಾಲು ಓಡಿಸಿ. ಆಮೇಲೆ ಡೇಟಾ ಇನ್ನೊಂದು ಸಿಮ್‌ಗೆ ಬದಲಿಸಿ ಮತ್ತೆ ಓಡಿಸಿ.

```
ping -c 100 1.1.1.1
```

ಇದು ಗೇಮ್‌ನ ಸರ್ವರ್ ಅಲ್ಲ, ಹಾಗಾಗಿ ಇಲ್ಲಿ ಬರೋ ಅಂಕಿ ಗೇಮ್‌ನ ಪಿಂಗ್‌ಗೆ ಹೊಂದಲ್ಲ. ಎರಡು ಸಿಮ್‌ಗಳನ್ನು ಒಂದೇ ಅಳತೆಗೋಲಲ್ಲಿ ನೋಡೋಕೆ ಮಾತ್ರ. ನೂರು ಸೆಕೆಂಡಿನಷ್ಟು ಕಾದರೆ ಕೊನೆಯಲ್ಲಿ ಪ್ಯಾಕೆಟ್ ಹೋಗಿ ಬರೋ ಸಮಯದ ಸರಾಸರಿ `avg`, ಅದರ ಏರಿಳಿತ `mdev` ಮತ್ತು ಕಳೆದುಹೋದ ಪ್ಯಾಕೆಟ್‌ಗಳ ಶೇಕಡಾವಾರು ಬರುತ್ತೆ. ಆ ಕೋಣೆಯಲ್ಲಿ ರಾತ್ರಿ ಒಂಬತ್ತಕ್ಕೆ ಮೊದಲ ಸಿಮ್‌ನ ಸರಾಸರಿ 44 ಮಿಲಿಸೆಕೆಂಡ್, ಏರಿಳಿತ 7, ಒಂದೂ ಪ್ಯಾಕೆಟ್ ಕಳೆದಿಲ್ಲ. ಎರಡನೇ ಸಿಮ್‌ನ ಸರಾಸರಿ 36, ಆದರೆ ಏರಿಳಿತ 41, ನೂರಕ್ಕೆ ಮೂರು ಪ್ಯಾಕೆಟ್ ಮಾಯ. ಸರಾಸರಿ ಮಾತ್ರ ನೋಡಿದವರು ಎರಡನೇದನ್ನೇ ಆರಿಸ್ತಾರೆ. ಆಡುವಾಗ ಮೊದಲನೇದೇ ಎಷ್ಟೋ ಮೇಲು.

ಅದೇ ಎರಡನೇ ಸಿಮ್ ಬೆಳಿಗ್ಗೆ ಏಳಕ್ಕೆ ಚೆನ್ನಾಗೇ ಇತ್ತು. ರಾತ್ರಿ ಟವರ್ ಮೇಲೆ ಜನ ಜಾಸ್ತಿ ಆದಾಗ ಪ್ಯಾಕೆಟ್‌ಗಳು ಸರದಿಯಲ್ಲಿ ಕಾಯಬೇಕಾಗುತ್ತೆ. ಅದರ ಮೇಲೆ ಹಿಂದಿನ ಕೋಣೆಗೆ 5G ಅರೆಬರೆ ಸಿಗುತ್ತೆ, ಫೋನ್ 5G ಹಿಡಿಯೋದು, ಬಿಡೋದು, ಮತ್ತೆ ಹಿಡಿಯೋದು. ಆ ಒಂದೊಂದು ಅದಲುಬದಲಿಗೂ ಪಿಂಗ್ ನೆಗೆಯುತ್ತೆ. `Preferred network type` ಅನ್ನು LTEಗೆ ಇಳಿಸಿದ ಮೇಲೆ ಏರಿಳಿತ 41ರಿಂದ 15ಕ್ಕೆ ಬಂತು, ಪ್ಯಾಕೆಟ್ ಕಳೆಯೋದೂ ನಿಂತಿತು. ಗಟ್ಟಿ 5G ಇರೋ ಜಾಗದಲ್ಲಿ ಹೀಗೆ ಇಳಿಸಬೇಕಾಗಿಲ್ಲ, ಅಂಚಿನಲ್ಲಿ ಇರೋ ಮನೆಗಳಿಗೆ ಮಾತ್ರ ಇದು ಮದ್ದು. ಮಂಡ್ಯದ ಮನೆಯಲ್ಲಿ ಅಳೆದಾಗ ಲೆಕ್ಕವೇ ತಿರುಗಾಮುರುಗಾ, ಅಲ್ಲಿ ಎರಡನೇ ಸಿಮ್ ಗೆದ್ದಿತು. ಅದಕ್ಕೇ "ಮೈಸೂರಿಗೆ ಯಾವ ಕಂಪನಿ ಒಳ್ಳೇದು" ಅಂತ ಕೇಳಿದರೆ ಕಂಪನಿಯ ಹೆಸರು ಹೇಳೋದಿಲ್ಲ. ನೀವು ಆಡೋ ಕುರ್ಚಿಯಲ್ಲಿ ಕೂತು, ನೀವು ಆಡೋ ಹೊತ್ತಿಗೇ ಅಳೆಯಿರಿ. ಸಿಮ್ ಯಾವ ಸ್ಲಾಟ್‌ನಲ್ಲಿದೆ ಅಂತ ತಲೆ ಕೆಡಿಸಿಕೊಳ್ಳಬೇಡಿ, ಈಗಿನ ಹೆಚ್ಚಿನ ಫೋನ್‌ಗಳಲ್ಲಿ ಎರಡೂ ಸ್ಲಾಟ್ ಒಂದೇ.

ಇನ್ನು ಕಾಲ್ ವಿಷಯ. ಹೆಚ್ಚಿನವರು ಎಡವೋದು ಇಲ್ಲೇ. ಸಾಮಾನ್ಯ ಎರಡು ಸಿಮ್ ಫೋನಲ್ಲಿ ಎರಡೂ ಸಿಮ್ ಕಾಯ್ತಾ ಕೂತಿರುತ್ತವೆ, ಆದರೆ ಮಾತಾಡೋಕೆ ಇರೋದು ಒಂದೇ ರೇಡಿಯೋ. ಡೇಟಾ ಎರಡನೇ ಸಿಮ್‌ನಲ್ಲಿದ್ದು ಕಾಲ್ ಮೊದಲ ಸಿಮ್‌ಗೆ ಬಂದರೆ, ರೇಡಿಯೋ ಆ ಕಡೆ ಹೋಗುತ್ತೆ, ಗೇಮ್ ಅಲ್ಲೇ ನಿಲ್ಲುತ್ತೆ. ಎತ್ತಲೇಬೇಕು ಅಂತಿಲ್ಲ, ರಿಂಗ್ ಆದರೇ ಸಾಕು. ಡು ನಾಟ್ ಡಿಸ್ಟರ್ಬ್ ಹಾಕಿದರೂ ಉಪಯೋಗವಿಲ್ಲ, ಅದು ಸದ್ದನ್ನು ಮುಚ್ಚುತ್ತೆ, ರೇಡಿಯೋ ಆ ಕಡೆ ಹೋಗೋದನ್ನು ತಡೆಯಲ್ಲ.

ಕಾಲ್ ಮತ್ತು ಡೇಟಾ ಎರಡೂ ಒಂದೇ ಸಿಮ್‌ನಲ್ಲಿದ್ದು, ಅದರಲ್ಲಿ ವೋಲ್ಟೆ ಆನ್ ಇದ್ದರೆ ಈ ತೊಂದರೆ ಇಲ್ಲ, ಮಾತೂ ಡೇಟಾನೂ ಒಂದೇ 4G ಮೇಲೆ ಜೊತೆಗೆ ಹೋಗುತ್ತವೆ. ಹಾಗಾಗಿ ಅಳತೆಯಲ್ಲಿ ಎರಡು ಸಿಮ್ ಹತ್ತಿರ ಹತ್ತಿರ ಬಂದರೆ, ಹೆಚ್ಚು ಕಾಲ್ ಬರೋ ಸಿಮ್‌ಗೇ ಡೇಟಾ ಕೊಡಿ. ಸೆಟ್ಟಿಂಗ್ಸ್‌ನಲ್ಲಿ ಎರಡೂ ಸಿಮ್‌ನ ವೋಲ್ಟೆ ಆನ್ ಇದೆಯಾ ನೋಡಿ. ಆಫ್ ಇದ್ದರೆ ಕಾಲ್ ಬಂದಾಗ ಫೋನ್ ಹಳೇ ನೆಟ್‌ವರ್ಕ್‌ಗೆ ಇಳಿಯಬೇಕು, ಗೇಮ್ ಕೆಳಗೆ ಬೀಳುತ್ತೆ.

ನಿಮ್ಮ ಫೋನ್ ಹೇಗೆ ನಡೆದುಕೊಳ್ಳುತ್ತೆ ಅಂತ ಎರಡೇ ನಿಮಿಷದಲ್ಲಿ ಗೊತ್ತಾಗುತ್ತೆ. ಮೇಲಿನ `ping` ಓಡ್ತಾ ಇರುವಾಗ ಮನೆಯವರ ಫೋನಿಂದ ಡೇಟಾ ಇಲ್ಲದ ಸಿಮ್‌ಗೆ ಕಾಲ್ ಮಾಡಿಸಿ, ಎತ್ತದೇ ಹತ್ತು ಸೆಕೆಂಡ್ ರಿಂಗ್ ಆಗೋಕೆ ಬಿಡಿ. ಸಾಲುಗಳಲ್ಲಿರೋ `icmp_seq` ನೋಡಿ. 31, 32, 33 ಆದಮೇಲೆ ನೇರ 46ಕ್ಕೆ ಹಾರಿದರೆ, ನಡುವೆ ಹನ್ನೆರಡು ಸೆಕೆಂಡ್ ನಿಮ್ಮ ಗೇಮ್‌ಗೆ ನೆಟ್ ಇರಲಿಲ್ಲ ಅಂತ ಅರ್ಥ. ಕೆಲವು ದುಬಾರಿ ಫೋನ್‌ಗಳಲ್ಲಿ ಎರಡೂ ಸಿಮ್ ಒಟ್ಟಿಗೆ ಕೆಲಸ ಮಾಡ್ತವೆ, ಅಲ್ಲಿ ಅಂಕಿ ಮುರಿಯಲ್ಲ.

ಡೇಟಾ ಆಯ್ಕೆ ಸಿಗೋದು ಹೀಗೆ: ಸ್ಯಾಮ್‌ಸಂಗ್‌ನಲ್ಲಿ `Connections` ಒಳಗೆ `SIM manager`, ಅಲ್ಲಿ `Mobile data`. ಬೇರೆ ಆಂಡ್ರಾಯ್ಡ್‌ಗಳಲ್ಲಿ ಹೆಚ್ಚಾಗಿ `Network & internet` ಒಳಗೆ `SIMs`. ಅದೇ ಜಾಗದಲ್ಲಿ ಡೇಟಾವನ್ನು ತಾನಾಗೇ ಬದಲಿಸೋ ಸ್ವಿಚ್ ಕೂಡ ಇರುತ್ತೆ, ಹೆಸರು ಸಾಮಾನ್ಯವಾಗಿ `Auto data switching`. ಗೇಮ್ ಆಡೋರು ಅದನ್ನು ಆಫ್ ಮಾಡಿಡಿ. ಒಂದು ಸಿಮ್ ಮಂಕಾದಾಗ ಫೋನ್ ಇನ್ನೊಂದಕ್ಕೆ ಹಾರುತ್ತೆ, ಹಾರಿದ ಕೂಡಲೇ ನಿಮ್ಮ ಐಪಿ ವಿಳಾಸ ಬದಲಾಗುತ್ತೆ, ಸರ್ವರ್‌ಗೆ ನೀವು ಹೊಸಬರು. ಪರದೆ ಮೇಲೆ ರೀಕನೆಕ್ಟಿಂಗ್ ಬರುತ್ತೆ, ಅಷ್ಟರಲ್ಲಿ ಮ್ಯಾಚ್ ಕೈಬಿಟ್ಟಿರುತ್ತೆ. ವಿಡಿಯೋ ನೋಡೋರಿಗೆ ಒಳ್ಳೇ ಸೌಕರ್ಯ, ಆಟಕ್ಕಲ್ಲ.

`Data during calls` ಅಂತ ಪ್ರತ್ಯೇಕ ಸ್ವಿಚ್ ಇದ್ದರೆ, ಅದರ ಲೆಕ್ಕ ಬೇರೆ. ಇನ್ನೊಂದು ಸಿಮ್‌ನಲ್ಲಿ ಕಾಲ್ ನಡೀತಿರೋವಷ್ಟು ಹೊತ್ತು ಡೇಟಾವನ್ನೂ ಆ ಸಿಮ್‌ಗೇ ಒಯ್ಯುತ್ತೆ. ಇಲ್ಲೂ ಸಂಪರ್ಕ ಒಮ್ಮೆ ಕಡಿಯುತ್ತೆ, ಆದರೆ ಮಾತು ಮುಗಿಯೋವರೆಗೂ ನೆಟ್ ಇಲ್ಲದೆ ಕೂರೋದಕ್ಕಿಂತ ಕೆಲ ಸೆಕೆಂಡಿನ ಕಡಿತ ವಾಸಿ. ಎತ್ತಲೇಬೇಕಾದ ಕಾಲ್ ಬರೋರು ಆನ್ ಇಟ್ಟುಕೊಳ್ಳಿ. ಆ ಸಿಮ್‌ಗೂ ಡೇಟಾ ಪ್ಯಾಕ್ ಇರಬೇಕು.

ಅಳತೆಯಲ್ಲಿ ಗೆದ್ದ ಸಿಮ್ ಬೇರೆ, ಕಾಲ್ ಬರೋ ಸಿಮ್ ಬೇರೆ ಆಗಿಬಿಟ್ಟರೆ, ರ‍್ಯಾಂಕ್ ಮ್ಯಾಚ್‌ಗೆ ಮುಂಚೆ ಸಿಮ್ ಮ್ಯಾನೇಜರ್‌ನಲ್ಲಿ ಕಾಲ್ ಬರೋ ಸಿಮ್ ಅನ್ನೇ ಆಫ್ ಮಾಡೋದು ಒಂದು ದಾರಿ. ಕುವೆಂಪುನಗರದ ಕೋಣೆಯಲ್ಲಿ ಅದರ ಅಗತ್ಯ ಬರಲಿಲ್ಲ, ಮಂಡ್ಯದಲ್ಲಿ ಪ್ರತಿ ವಾರ ಬೇಕಾಯಿತು. ಆಫ್ ಇರೋವಾಗ ಆ ನಂಬರ್‌ಗೆ ಬ್ಯಾಂಕಿನ ಒಟಿಪಿ ಬರಲ್ಲ, ಮನೆಯವರಿಗೆ ಸ್ವಿಚ್ ಆಫ್ ಅಂತ ಕೇಳಿಸುತ್ತೆ. ಊರಲ್ಲಿ ವಯಸ್ಸಾದವರು ಇದ್ದರೆ ಡೇಟಾ ಸಿಮ್‌ನ ನಂಬರನ್ನೂ ಅವರ ಫೋನಲ್ಲಿ ಸೇವ್ ಮಾಡಿಕೊಡಿ.